ಮೊಡವೆ, ಕಲೆ, ಹಾರುವ ಕೂದಲು: ಒಂದೇ ಮುಖದ ಮೇಲೆ ನಾಲ್ಕು ಬ್ರಶ್

ಮುಖದ ಫೋಟೋ ಟಚಪ್ ಮಾಡುವವರಲ್ಲಿ ಎರಡು ಪಂಗಡಗಳಿವೆ. ಒಂದು ಪಂಗಡದವರು ಸ್ಪಾಟ್ ಹೀಲಿಂಗ್ ಬ್ರಶ್ ಹಿಡಿದು ಟಕ್ ಟಕ್ ಅಂತ ಒತ್ತುತ್ತಾ ಹೋಗುತ್ತಾರೆ, ಹತ್ತು ನಿಮಿಷದಲ್ಲಿ ಮುಖ ಮುಗಿಯುತ್ತದೆ. ಇನ್ನೊಂದು ಪಂಗಡದವರಿಗೆ ಕ್ಲೋನ್ ಸ್ಟ್ಯಾಂಪ್ ಬಿಟ್ಟರೆ ಬೇರೆ ಯಾವುದರ ಮೇಲೂ ನಂಬಿಕೆ ಇಲ್ಲ. ಇಬ್ಬರೂ ತಮ್ಮದೇ ಸರಿ ಅನ್ನುತ್ತಾರೆ. ಹಾಗಾಗಿ ಒಂದೇ ಫೋಟೋ ತೆಗೆದುಕೊಂಡು, ಅದೇ ಮೊಡವೆ, ಅದೇ ಕಲೆ, ಅದೇ ಕೂದಲಿನ ಮೇಲೆ ನಾಲ್ಕು ಬ್ರಶ್‌ಗಳನ್ನೂ ಓಡಿಸಿ ನೋಡಿದೆ. ಫೋಟೋಶಾಪ್‌ನ ಸ್ಪಾಟ್ ಹೀಲಿಂಗ್ ಬ್ರಶ್, ಹೀಲಿಂಗ್ ಬ್ರಶ್, ಕ್ಲೋನ್ ಸ್ಟ್ಯಾಂಪ್, ಜೊತೆಗೆ ದುಡ್ಡು ಕೊಡಬೇಕಿಲ್ಲದ ಗಿಂಪ್‌ನ ಹೀಲ್ ಟೂಲ್.

ಫೋಟೋ ನನ್ನ ಚಿಕ್ಕಪ್ಪನ ಮಗಳ ನಿಶ್ಚಿತಾರ್ಥದ್ದು. ಕಿಟಕಿ ಪಕ್ಕ ಕೂರಿಸಿ, ಹತ್ತಿರದಿಂದ ತೆಗೆದದ್ದು. ಬೆಳಕು ಒಂದೇ ಕಡೆಯಿಂದ ಓರೆಯಾಗಿ ಬೀಳುತ್ತಿದೆ. ಇಂಥ ಬೆಳಕಲ್ಲಿ ಚರ್ಮದ ಪ್ರತಿ ರಂಧ್ರಕ್ಕೂ ಒಂದು ಪುಟ್ಟ ನೆರಳು ಬರುತ್ತದೆ, ಆದ್ದರಿಂದ ಟಚಪ್ ಕೆಟ್ಟರೆ ತಕ್ಷಣ ಕಣ್ಣಿಗೆ ಹೊಡೆಯುತ್ತದೆ. ಹಣೆಯ ಮಧ್ಯದಲ್ಲಿ ಒಂಟಿ ಮೊಡವೆ. ದವಡೆಯ ಅಂಚಿನಲ್ಲಿ ಮೂರು ಮೊಡವೆಗಳ ಗುಂಪು. ಹುಬ್ಬಿನ ಪಕ್ಕ ಚಿಕ್ಕಂದಿನಲ್ಲಿ ಅಮ್ಮ ಆದಾಗ ಉಳಿದ ಕಲೆ. ಮಲ್ಲಿಗೆ ದಂಡೆಯಿಂದ ತಪ್ಪಿಸಿಕೊಂಡ ಕೂದಲು ಹಣೆ ಮೇಲೂ ಹಿಂದಿನ ಪರದೆ ಮೇಲೂ.

"ಅಣ್ಣಾ, ಮೊಡವೆ ಪೂರ್ತಿ ತೆಗಿ. ಆದ್ರೆ ಹುಬ್ಬಿನ ಹತ್ರ ಇರೋ ಕಲೆ ಇರ್ಲಿ, ಅದಿಲ್ಲದೆ ನಾನು ನಾನಾಗಿ ಕಾಣಲ್ಲ" ಅಂದಳು. ಒಳ್ಳೇದಾಯಿತು. ಎರಡು ವಾರದಲ್ಲಿ ಹೋಗುವಂಥದ್ದನ್ನು ಕೇಳದೆ ತೆಗೆಯಬಹುದು. ಮಚ್ಚೆ, ಹಳೇ ಕಲೆಗಳನ್ನು ಮಾತ್ರ ಮುಖದ ಒಡೆಯರನ್ನು ಕೇಳಿಯೇ ಮುಟ್ಟಬೇಕು.

ಬ್ರಶ್ ಒಳಗೆ ಏನಾಗುತ್ತದೆ

ಕ್ಲೋನ್ ಸ್ಟ್ಯಾಂಪ್ ಬುದ್ಧಿ ಇಲ್ಲದ ಟೂಲ್. ಒಂದು ಕಡೆಯ ಪಿಕ್ಸೆಲ್‌ಗಳನ್ನು ಇದ್ದ ಹಾಗೇ ಎತ್ತಿ ಇನ್ನೊಂದು ಕಡೆ ಇಡುತ್ತದೆ, ಬಣ್ಣ ಬೆಳಕು ಸಮೇತ. ಹೀಲಿಂಗ್ ಬ್ರಶ್ ಹಾಗಲ್ಲ. ನಾವು ತೋರಿಸಿದ ಜಾಗದಿಂದ ಬರೀ ಚರ್ಮದ ಕಣಕಣವಾದ ಮೈಯನ್ನು, ಅಂದರೆ ಟೆಕ್ಸ್ಚರ್ ಅನ್ನು ತರುತ್ತದೆ. ಬಣ್ಣ ಮತ್ತು ಬೆಳಕನ್ನು ಮಾತ್ರ ನಾವು ಬಳಿದ ಜಾಗದ ಅಂಚಿನಿಂದ ತೆಗೆದುಕೊಂಡು ಒಳಗೆ ಹರಡುತ್ತದೆ. 2002ರಲ್ಲಿ ಫೋಟೋಶಾಪ್ 7ರ ಜೊತೆ ಇದು ಬಂದಾಗ ಸ್ಟುಡಿಯೋದವರಿಗೆ ಮಾಯೆಯ ಥರ ಕಂಡಿದ್ದು ಇದಕ್ಕೇ. 2005ರಲ್ಲಿ ಬಂದ ಸ್ಪಾಟ್ ಹೀಲಿಂಗ್, ಟೆಕ್ಸ್ಚರ್ ಎಲ್ಲಿಂದ ತರಬೇಕು ಅನ್ನುವುದನ್ನೂ ತಾನೇ ನಿರ್ಧರಿಸುತ್ತದೆ. 2010ರಿಂದ ಅದಕ್ಕೆ Content-Aware ಸೇರಿಕೊಂಡು ಆ ಆಯ್ಕೆ ಇನ್ನೂ ಚುರುಕಾಯಿತು.

"ಅಂಚಿನಿಂದ ಬಣ್ಣ ಹರಡುತ್ತದೆ" ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಮುಂದೆ ಕೆಡುವುದರಲ್ಲಿ ಮುಕ್ಕಾಲು ಪಾಲು ಕೆಡುವುದು ಅಲ್ಲೇ.

ಹೋಲಿಕೆ ನ್ಯಾಯವಾಗಿರಲಿ ಅಂತ ಫೋಟೋಶಾಪ್‌ನ ಮೂರು ಟೂಲ್‌ಗಳಿಗೂ ಒಂದೊಂದು ಖಾಲಿ ಲೇಯರ್ ಕೊಟ್ಟೆ. ಹೀಲಿಂಗ್ ಬ್ರಶ್ ಮತ್ತು ಕ್ಲೋನ್‌ಗೆ ಮೇಲಿನ ಪಟ್ಟಿಯಲ್ಲಿ Sample ಅನ್ನುವಲ್ಲಿ Current & Below ಆರಿಸಿದೆ. ಸ್ಪಾಟ್ ಹೀಲಿಂಗ್‌ಗೆ Sample All Layers ಟಿಕ್ ಮಾಡಬೇಕು. ಹೀಗಿದ್ದರೆ ಮೂಲ ಫೋಟೋ ಮುಟ್ಟದೆ ಹಾಗೇ ಉಳಿಯುತ್ತದೆ. ಜಾಸ್ತಿ ಆಯಿತು ಅನಿಸಿದ ಜಾಗವನ್ನು ಇರೇಸರ್‌ನಿಂದ ಅಳಿಸಿದರೆ ಹಳೇ ಚರ್ಮ ವಾಪಸ್ ಬರುತ್ತದೆ.

ಹಣೆಯ ಒಂಟಿ ಮೊಡವೆ

ಇದರಲ್ಲಿ ಚರ್ಚೆಗೆ ಜಾಗವೇ ಇಲ್ಲ. ಸುತ್ತ ಖಾಲಿ ಚರ್ಮ, ಬೆಳಕು ಸಮ. ಮೊಡವೆ ಸುಮಾರು 30 ಪಿಕ್ಸೆಲ್ ಅಗಲ ಇತ್ತು, ಬ್ರಶ್ ಅನ್ನು 40ಕ್ಕೆ ಇಟ್ಟು ಒಂದೇ ಸಲ ಒತ್ತಿದೆ. ಸ್ಪಾಟ್ ಹೀಲಿಂಗ್ ಗೆದ್ದಿತು. ಹೀಲಿಂಗ್ ಬ್ರಶ್‌ನಲ್ಲೂ ಇದೇ ಫಲ ಬಂತು, ಆದರೆ ಆಲ್ಟ್ ಒತ್ತಿ ಮೂಲ ತೋರಿಸುವ ಕೆಲಸ ಸುಮ್ನೆ ಹೆಚ್ಚುವರಿ. ಕ್ಲೋನ್ ಮಾಡಿದ ಜಾಗ ಒಂಚೂರು ಬೆಳ್ಳಗೆ ಕಂಡಿತು, ಯಾಕೆಂದರೆ ಒಂದೂವರೆ ಬೆರಳು ಪಕ್ಕದಲ್ಲಿ ಹಣೆಯ ಬೆಳಕೇ ಬೇರೆ.

ಸ್ಪಾಟ್ ಹೀಲಿಂಗ್ ಒಮ್ಮೊಮ್ಮೆ ತಲೆಕೂದಲಿನ ಅಂಚಿನಿಂದ ಟೆಕ್ಸ್ಚರ್ ತಂದು, ಹಣೆಯ ಮಧ್ಯೆ ಸಣ್ಣ ಕೂದಲು ನೆಡುತ್ತದೆ. ಆಗ ಅದರ ಮೇಲೇ ಮತ್ತೆ ಒತ್ತಬೇಡಿ. Ctrl+Z ಮಾಡಿ, ಬ್ರಶ್ ಅನ್ನು ಸ್ವಲ್ಪ ಸರಿಸಿ ಒತ್ತಿ. ಬೇರೆ ಜಾಗದಿಂದ ತರುತ್ತದೆ.

ದವಡೆಯ ಗುಂಪು: ನಿಜವಾದ ಪರೀಕ್ಷೆ

ಮೂರು ಮೊಡವೆಗಳು, ಅವುಗಳ ಮಧ್ಯೆ ಕೆಂಪು, ಪಕ್ಕದಲ್ಲೇ ದವಡೆಯ ಅಂಚು. ಅದರ ಕೆಳಗೆ ಕುತ್ತಿಗೆಯ ಕಡು ನೆರಳು. ಎಲ್ಲಾ ಟೂಲ್‌ಗಳೂ ಇಲ್ಲಿ ತಮ್ಮ ನಿಜ ಗುಣ ತೋರಿಸಿದವು.

ಸ್ಪಾಟ್ ಹೀಲಿಂಗ್‌ನಿಂದ ಮೊದಲ ಮೊಡವೆ ಹೋಯಿತು. ಎರಡನೆಯದನ್ನು ಒತ್ತಿದಾಗ ಅದು ಟೆಕ್ಸ್ಚರ್ ತಂದದ್ದು ಮೂರನೇ ಮೊಡವೆಯ ಅಂಚಿನಿಂದ! ಒಂದನ್ನು ತೆಗೆದ ಕಡೆ ಇನ್ನೊಂದರ ಅರ್ಧ ಬಂದು ಕೂತಿತು. ಗುಂಪಾಗಿರುವ ಮೊಡವೆಗಳ ಮೇಲೆ ಈ ಟೂಲ್ ಸೋಲುವುದು ಹೀಗೇ, ಅದಕ್ಕೆ ಹತ್ತಿರದಲ್ಲಿ ಒಳ್ಳೇ ಚರ್ಮ ಸಿಗುವುದಿಲ್ಲ. ಮೂರನೆಯದರ ಕಥೆ ಇನ್ನೂ ಕೆಟ್ಟದ್ದು. ಬ್ರಶ್‌ನ ಅಂಚು ಕುತ್ತಿಗೆಯ ನೆರಳನ್ನು ಒಂಚೂರು ಮುಟ್ಟಿತ್ತು ಅಷ್ಟೇ, ಆ ಕಪ್ಪು ಒಳಗೆ ಹರಡಿ ದವಡೆ ಮೇಲೆ ಮಸಿ ಒರೆಸಿದ ಥರ ಬೂದು ಬಣ್ಣ ನಿಂತಿತು.

ಹೀಲಿಂಗ್ ಬ್ರಶ್‌ನಲ್ಲಿ ಮೂಲವನ್ನು ನಾನೇ ತೋರಿಸಬಹುದು. ಎಲ್ಲಿಂದ ತೋರಿಸಬೇಕು ಅನ್ನುವುದು ಟಚಪ್‌ನ ಅರ್ಧ ವಿದ್ಯೆ. ಮುಖದ ಚರ್ಮ ಎಲ್ಲಾ ಕಡೆ ಒಂದೇ ಅಲ್ಲ. ಮೂಗಿನ ಮೇಲೆ ರಂಧ್ರಗಳು ದಪ್ಪ ಮತ್ತು ಗುಂಡಗೆ. ಕೆನ್ನೆಯಲ್ಲಿ ಕೆಳಕ್ಕೆ ಎಳೆದ ಹಾಗೆ ಉದ್ದ. ಹಣೆಯಲ್ಲಿ ಅಡ್ಡ ಗೆರೆಗಳು. ಕಣ್ಣಿನ ಕೆಳಗೆ ರಂಧ್ರಗಳು ಕಾಣುವುದೇ ಕಷ್ಟ. ದವಡೆಯ ಮೇಲಂತೂ ಸಣ್ಣ ರೋಮಗಳು ಹಿಂದಕ್ಕೆ ಬಾಗಿ ಬೆಳೆದಿರುತ್ತವೆ. ಹಣೆಯ ನುಣುಪು ಚರ್ಮ ತಂದು ಇಲ್ಲಿ ಇಟ್ಟರೆ ಬಣ್ಣ ಎಷ್ಟೇ ಸರಿಹೊಂದಲಿ, ಅಲ್ಲೊಂದು ಬೋಳು ಜಾಗ ಕಾಣುತ್ತದೆ. ಹಾಗಾಗಿ ದವಡೆಯ ಉದ್ದಕ್ಕೇ ಕಿವಿಯ ಕಡೆಗೆ ಸರಿದು, ಬೆಳಕು ಅದೇ ಕೋನದಲ್ಲಿ ಬೀಳುವ ಜಾಗವನ್ನು ಆಲ್ಟ್ ಒತ್ತಿ ಆರಿಸಿದೆ. ಬೆಳಕಿನ ಕಡೆ ಜಾಸ್ತಿ ಗಮನ ಬೇಕು. ಎಡಗೆನ್ನೆಯ ರಂಧ್ರಗಳ ನೆರಳು ಒಂದು ಕಡೆ ಬಿದ್ದಿದ್ದರೆ, ಬಲಗೆನ್ನೆಯಿಂದ ತಂದು ತಿರುಗಿಸಿದ ಚರ್ಮದಲ್ಲಿ ಅದು ಉಲ್ಟಾ ಇರುತ್ತದೆ. ಏನು ತಪ್ಪಾಗಿದೆ ಅಂತ ನೋಡುವವರಿಗೆ ಹೇಳಲು ಬರುವುದಿಲ್ಲ, ಆದರೆ ಏನೋ ಸರಿಯಿಲ್ಲ ಅನಿಸುತ್ತದೆ.

ಮೂರು ಮೊಡವೆಗೂ ಬೇರೆ ಬೇರೆ ಮೂಲ ತೋರಿಸಿದೆ. Aligned ಟಿಕ್ ತೆಗೆದಿದ್ದರೆ ಪ್ರತಿ ಸಲವೂ ಅದೇ ಜಾಗದಿಂದ ತರುತ್ತದೆ, ಮೂರು ಕಡೆ ಒಂದೇ ರಂಧ್ರಗಳ ನಕಲು ಕೂರುತ್ತದೆ. ನಮ್ಮ ಕಣ್ಣು ಇಂಥ ಪುನರಾವರ್ತನೆಯನ್ನು ಬಹಳ ಬೇಗ ಹಿಡಿಯುತ್ತದೆ.

ನೆರಳು ಒಳಗೆ ಹರಡುವ ತೊಂದರೆಗೆ ಫೋಟೋಶಾಪ್‌ನಲ್ಲಿ ಒಂದು ಹಳೇ ಉಪಾಯ ಇದೆ, ಬಳಸುವವರು ಮಾತ್ರ ಕಮ್ಮಿ. ಲಾಸೋದಿಂದ ಮೊಡವೆಯ ಸುತ್ತ ಸ್ವಲ್ಪ ದೊಡ್ಡದಾಗಿ ಸೆಲೆಕ್ಷನ್ ಹಾಕಿ. ನೆರಳಿನ ಕಡೆ ಮಾತ್ರ ಗೆರೆ ದವಡೆಯ ಅಂಚನ್ನು ಸರಿಯಾಗಿ ಹಿಡಿದೇ ಹೋಗಬೇಕು. ಆಮೇಲೆ ಒಳಗೆ ಬ್ರಶ್ ಆಡಿಸಿ. ಸೆಲೆಕ್ಷನ್‌ನ ಹೊರಗಿನ ಬಣ್ಣವನ್ನು ಬ್ರಶ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಕಪ್ಪು ಒಳಗೆ ಬರುವುದಿಲ್ಲ. ಮೂರನೇ ಮೊಡವೆಯನ್ನು ಹೀಗೆ ತೆಗೆದೆ. ಮಸಿ ಬರಲಿಲ್ಲ, ದವಡೆಯ ಗೆರೆಯೂ ಚೂಪಾಗೇ ಉಳಿಯಿತು.

ಕ್ಲೋನ್ ಸ್ಟ್ಯಾಂಪ್‌ಗೆ ಈ ಅಂಚಿನ ಭಯವೇ ಇಲ್ಲ, ಅದು ಏನನ್ನೂ ಹರಡುವುದಿಲ್ಲ. ಅಂಚಿಗೆ ತಾಗಿದ ಮೊಡವೆಯಲ್ಲಿ ಅದು ಹೀಲಿಂಗ್ ಬ್ರಶ್‌ಗೆ ಸರಿಸಮ ನಿಂತಿತು. ಆದರೆ ಅಂಚಿನಿಂದ ದೂರವಿದ್ದ ಎರಡರಲ್ಲಿ ಬಣ್ಣ ಹೊಂದಿಸಲು ಮತ್ತೆ ಮತ್ತೆ ಮೂಲ ಬದಲಿಸಿ ಕೈ ಸೋತಿತು.

ಬ್ರಶ್‌ನ ಅಂಚು ಗಟ್ಟಿಯೋ ಮೆತ್ತಗೋ

ಇದೊಂದು ವಿಷಯದಲ್ಲಿ ನಾನು ನೋಡಿದ ಬಹಳ ಜನ ಉಲ್ಟಾ ಮಾಡುತ್ತಾರೆ. ಚರ್ಮಕ್ಕೆ ಮೆತ್ತನೆ ಬ್ರಶ್ ಅಂತ Hardness ಸೊನ್ನೆಗೆ ಇಳಿಸಿ ಹೀಲ್ ಮಾಡುತ್ತಾರೆ. ಆಮೇಲೆ ಚರ್ಮ ಪ್ಲಾಸ್ಟಿಕ್ ಆಯಿತು ಅಂತ ಟೂಲ್ ಅನ್ನು ಬೈಯುತ್ತಾರೆ.

ಕಾರಣ ಸುಲಭ. ಮೆತ್ತನೆ ಅಂಚಿನಲ್ಲಿ ಹಳೇ ಚರ್ಮ ಅರ್ಧ, ಹೊಸ ಚರ್ಮ ಅರ್ಧ ಸೇರುತ್ತದೆ. ಹಳೆಯದರಲ್ಲಿ ರಂಧ್ರ ಇದ್ದ ಕಡೆ ಹೊಸದರಲ್ಲಿ ಉಬ್ಬು ಇರಬಹುದು. ಎರಡೂ ಬೆರೆತರೆ ಕಪ್ಪು ಅಷ್ಟು ಕಪ್ಪಲ್ಲ, ಬಿಳಿ ಅಷ್ಟು ಬಿಳಿಯಲ್ಲ. ಮೊಡವೆ ಹೋದ ಜಾಗದ ಸುತ್ತ ಮಸುಕಾದ ಒಂದು ಬಳೆ ಉಳಿಯುತ್ತದೆ. ಅದರ ಮೇಲೆ ಮತ್ತೆ ಮತ್ತೆ ಒತ್ತಿದರೆ ಬಳೆ ಅಗಲವಾಗುತ್ತಾ ಹೋಗಿ, ಕೊನೆಗೆ ಕೆನ್ನೆಯೇ ನುಣ್ಣಗಾಗುತ್ತದೆ. ಹೀಲಿಂಗ್ ಬ್ರಶ್ ಬಣ್ಣವನ್ನು ತಾನೇ ಹೊಂದಿಸುತ್ತದೆ, ಅದಕ್ಕೆ ಮೆತ್ತನೆ ಅಂಚಿನ ಅಗತ್ಯವೇ ಇಲ್ಲ. 90ರಿಂದ 100 ಇಟ್ಟರೆ ರಂಧ್ರಗಳು ಹಾಗೇ ಉಳಿಯುತ್ತವೆ. ಕ್ಲೋನ್‌ಗೆ ಮಾತ್ರ ಮೆತ್ತನೆ ಅಂಚು ಬೇಕು, ಇಲ್ಲದಿದ್ದರೆ ಗುಂಡಗೆ ಕತ್ತರಿಸಿ ಅಂಟಿಸಿದ್ದು ಕಾಣುತ್ತದೆ. ನಾನು ಕ್ಲೋನ್‌ಗೆ 50ರ ಆಸುಪಾಸು ಇಟ್ಟೆ.

ಇದರ ಜೊತೆ ಹೀಲಿಂಗ್ ಬ್ರಶ್‌ಗೆ Diffusion ಅಂತ 1ರಿಂದ 7ರವರೆಗಿನ ಸ್ಲೈಡರ್ ಇದೆ. ಅಂಚಿನ ಬಣ್ಣ ಒಳಗೆ ಎಷ್ಟು ಬೇಗ ಬೆರೆಯಬೇಕು ಅನ್ನುವುದನ್ನು ಅದು ಹೇಳುತ್ತದೆ. ಸಣ್ಣ ವಿವರ ಜಾಸ್ತಿ ಇರುವ ಚರ್ಮಕ್ಕೆ ಕಡಿಮೆ ಇರಲಿ. ನಾನು 3ರಲ್ಲಿ ಬಿಟ್ಟೆ.

ಮೊಡವೆ ಹೋಯಿತು, ಕೆಂಪು ಉಳಿಯಿತು

ಮೊಡವೆಯ ಉಬ್ಬು ಸಣ್ಣದು, ಅದರ ಸುತ್ತಲಿನ ಕೆಂಪು ದೊಡ್ಡದು. ಆ ಕೆಂಪನ್ನೂ ಹೀಲ್ ಮಾಡಲು ಹೋದರೆ ಚೆನ್ನಾಗಿರುವ ಚರ್ಮವನ್ನೂ ಸುಮ್ನೆ ಬದಲಿಸಿದ ಹಾಗಾಗುತ್ತದೆ. ಅಲ್ಲಿ ಟೆಕ್ಸ್ಚರ್ ಸರಿಯಾಗೇ ಇದೆ, ಕೆಟ್ಟಿರುವುದು ಬಣ್ಣ ಮಾತ್ರ. ಹೊಸ ಲೇಯರ್ ತೆಗೆದು ಅದರ ಬ್ಲೆಂಡ್ ಮೋಡ್ ಅನ್ನು Color ಮಾಡಿ. ಪಕ್ಕದ ಒಳ್ಳೇ ಚರ್ಮದ ಬಣ್ಣ ಎತ್ತಿಕೊಂಡು, ಮೆತ್ತನೆ ಸಾದಾ ಬ್ರಶ್‌ನಿಂದ 15-20 ಶೇಕಡ ಒಪಾಸಿಟಿಯಲ್ಲಿ ಮೆಲ್ಲಗೆ ಬಳಿದರೆ ಸಾಕು. ರಂಧ್ರ ಒಂದೂ ಅಲುಗದೆ ಕೆಂಪು ಇಳಿಯುತ್ತದೆ. ಇದರಲ್ಲಿ ನಾಲ್ಕೂ ಬ್ರಶ್‌ಗಳು ಫೇಲ್ ಅಂತಲೇ ಬರೆದುಕೊಳ್ಳಿ.

ಹುಬ್ಬಿನ ಪಕ್ಕದ ಕಲೆ

ಅವಳು ಇರಲಿ ಅಂದಿದ್ದಳು, ಆದರೆ ಓರೆ ಬೆಳಕಿನಲ್ಲಿ ಅದು ಇರುವುದಕ್ಕಿಂತ ಆಳವಾಗಿ ಕಾಣುತ್ತಿತ್ತು. ಅಮ್ಮ ಆದ ಕಲೆ ಒಂದು ಸಣ್ಣ ಗುಳಿ. ಒಂದು ಬದಿಯಲ್ಲಿ ನೆರಳು, ಎದುರು ಬದಿಯ ಅಂಚಿನಲ್ಲಿ ಹೊಳಪು. ಕಲೆ ಉಳಿಯಬೇಕು, ನೆರಳು ಸ್ವಲ್ಪ ತಗ್ಗಬೇಕು.

ಸ್ಪಾಟ್ ಹೀಲಿಂಗ್‌ಗೆ ಇರಲಿ ಬಿಡು ಅನ್ನುವುದು ಗೊತ್ತಿಲ್ಲ, ಪೂರ್ತಿ ಅಳಿಸಿತು. ಬ್ರಶ್ ಹುಬ್ಬಿನ ಹತ್ತಿರ ಹೋದ ಕಡೆ ಕಪ್ಪು ಬೇರೆ ಎಳೆಯಿತು. ಹೀಲಿಂಗ್ ಬ್ರಶ್‌ನಿಂದ ಪ್ರತ್ಯೇಕ ಲೇಯರ್ ಮೇಲೆ ಪೂರ್ತಿ ತೆಗೆದು, ಆ ಲೇಯರ್‌ನ ಒಪಾಸಿಟಿಯನ್ನು 50ಕ್ಕೆ ಇಳಿಸಿದರೆ ಕಲೆ ಅರ್ಧ ವಾಪಸ್ ಬರುತ್ತದೆ. ಸ್ಟುಡಿಯೋಗಳಲ್ಲಿ ಜಾಸ್ತಿ ಜನ ಮಾಡುವುದು ಇದನ್ನೇ, ಫಲ ತಕ್ಕಮಟ್ಟಿಗೆ ಚೆನ್ನಾಗಿದೆ. ಆದರೆ ಹೊಳಪಿನ ಅಂಚೂ ಅರ್ಧ ಆಗಿ, ಕಲೆ ಎಣ್ಣೆ ಜಿಡ್ಡಿನ ಹಾಗೆ ಕಂಡಿತು.

ಗೆದ್ದಿದ್ದು ಕ್ಲೋನ್ ಸ್ಟ್ಯಾಂಪ್. ಅದಕ್ಕೆ ಇನ್ನೊಂದು ಖಾಲಿ ಲೇಯರ್ ಕೊಟ್ಟು, ಆ ಲೇಯರ್‌ನ ಬ್ಲೆಂಡ್ ಮೋಡ್ ಅನ್ನು Lighten ಮಾಡಿ, ಬ್ರಶ್‌ನ ಒಪಾಸಿಟಿ 30 ಇಟ್ಟು, ಪಕ್ಕದ ಚರ್ಮದಿಂದ ಮೂಲ ತೋರಿಸಿ ನೆರಳಿನ ಮೇಲೆ ಮಾತ್ರ ಆಡಿಸಿದೆ. ಈ ಮೋಡ್‌ನಲ್ಲಿ ಮೂಲಕ್ಕಿಂತ ಕಪ್ಪಾಗಿರುವ ಪಿಕ್ಸೆಲ್ ಮಾತ್ರ ಬದಲಾಗುತ್ತದೆ, ಬೆಳ್ಳಗಿರುವುದಕ್ಕೆ ಕೈ ಹಾಕುವುದಿಲ್ಲ. ಹಾಗಾಗಿ ಹೊಳಪಿನ ಅಂಚು ಹಾಗೇ ಉಳಿಯಿತು, ಗುಳಿಯ ಆಳ ಕಮ್ಮಿಯಾಯಿತು. ಕಲೆ ಅವಳದ್ದೇ ಕಲೆಯಾಗಿ ಉಳಿಯಿತು.

ಕೂದಲು

ಹಣೆಯ ಮೇಲಿನ ಒಂಟಿ ಕೂದಲಿಗೆ ಸ್ಪಾಟ್ ಹೀಲಿಂಗ್ ಸಾಕು, ಆದರೆ ಬ್ರಶ್ ಸಣ್ಣದಿರಬೇಕು. ಕೂದಲು 4 ಪಿಕ್ಸೆಲ್ ಇದ್ದರೆ ಬ್ರಶ್ 7-8. ಒಂದು ತುದಿಯಲ್ಲಿ ಒತ್ತಿ, ಶಿಫ್ಟ್ ಹಿಡಿದು ಸ್ವಲ್ಪ ಮುಂದೆ ಒತ್ತಿದರೆ ನಡುವೆ ನೇರ ಗೆರೆ ಬೀಳುತ್ತದೆ. ಇಡೀ ಕೂದಲನ್ನು ಒಂದೇ ಎಳೆತದಲ್ಲಿ ತೆಗೆಯಬೇಡಿ, ತುಂಡು ತುಂಡಾಗಿ ಹೋಗಿ. ಉದ್ದ ಗೆರೆಯಾದರೆ ಹಣೆಯ ಆ ಕಡೆ ಈ ಕಡೆ ಬೆಳಕು ಬೇರೆ ಇರುವಲ್ಲಿ ಪಟ್ಟಿ ಎಳೆದದ್ದು ಕಾಣುತ್ತದೆ. ಕೂದಲಿನ ಬಿಡಿ ತುದಿಯಿಂದ ಶುರು ಮಾಡಿ, ತಲೆಯ ಅಂಚಿಗೆ ಸ್ವಲ್ಪ ಮುಂಚೆ ನಿಲ್ಲಿಸಿ. ಅಲ್ಲಿಂದ ಮುಂದೆ ಕ್ಲೋನ್.

ಬಹಳ ಜನ ಮರೆಯುವ ಒಂದು ವಿಷಯ ಇದೆ. ಕಿಟಕಿ ಬೆಳಕಿನಲ್ಲಿ ಕೂದಲಿಗೆ ಪಕ್ಕದಲ್ಲೇ ಒಂದು ತೆಳು ನೆರಳು ಇರುತ್ತದೆ. ಕೂದಲು ತೆಗೆದು ನೆರಳು ಬಿಟ್ಟರೆ ಹಣೆಯಲ್ಲಿ ಗೀರಿದ ಗಾಯ ಇದ್ದ ಹಾಗೆ ಕಾಣುತ್ತದೆ. ನೆರಳಿಗೆ ಕ್ಲೋನ್ Lighten ಚೆನ್ನಾಗಿ ಕೆಲಸ ಮಾಡಿತು, ರಂಧ್ರಗಳ ಮೈ ಅಷ್ಟಾಗಿ ಅಲುಗಲಿಲ್ಲ.

ಒಂದು ಕೂದಲು ಹುಬ್ಬನ್ನೇ ದಾಟಿ ಹೋಗಿತ್ತು. ಅಲ್ಲಿ ಹೀಲಿಂಗ್ ಎರಡೂ ಸೋತವು, ಹುಬ್ಬಿನ ಕಪ್ಪು ಮತ್ತು ಚರ್ಮದ ಬಣ್ಣ ಬೆರೆತು ಕಲಸಿಹೋಯಿತು. ಕ್ಲೋನ್‌ನಲ್ಲಿ ಹುಬ್ಬಿನದೇ ಇನ್ನೊಂದು ಜಾಗದಿಂದ, ಕೂದಲು ಅದೇ ದಿಕ್ಕಿಗೆ ಮಲಗಿರುವ ಕಡೆಯಿಂದ ತರಬೇಕು. ಅದಕ್ಕೂ ತಾಳ್ಮೆ ಇಲ್ಲದಿದ್ದರೆ ಹುಬ್ಬಿನ ಮೇಲಿನ ಭಾಗವನ್ನು ಬಿಟ್ಟುಬಿಡಿ. ಹುಬ್ಬಿನೊಳಗೆ ಒಂದು ಕೂದಲು ಜಾಸ್ತಿ ಇದ್ದರೆ ಯಾರಿಗೂ ಗೊತ್ತಾಗಲ್ಲ, ಅಲ್ವಾ?

ಹಿಂದಿನ ಪರದೆ ಕಡು ಹಸಿರು, ಫೋಕಸ್ ಇಲ್ಲದ್ದು. ಅದರ ಮೇಲೆ ಬೆಳಕು ಬಿದ್ದು ಕೂದಲು ಹೊಳೆಯುತ್ತಿದ್ದವು. ಇಲ್ಲಿ ಮೋಡ್ ತಿರುವುಮುರುವು: ಕ್ಲೋನ್ ಮಾಡುವ ಲೇಯರ್ ಅನ್ನು Darken ಮಾಡಿದರೆ ಹೊಳೆಯುವ ಕೂದಲು ಮಾತ್ರ ಮಾಯವಾಗುತ್ತದೆ. ಸ್ಪಾಟ್ ಹೀಲಿಂಗ್ ಕೂಡ ಇಲ್ಲಿ ಅಷ್ಟೇ ಚೆನ್ನಾಗಿ, ಇನ್ನೂ ಬೇಗ ಮುಗಿಸಿತು. ಆದರೆ ಎಲ್ಲವನ್ನೂ ತೆಗೆಯಬೇಡಿ. ತಲೆಯ ಸುತ್ತ ಒಂದೂ ಕೂದಲು ಹಾರದಿದ್ದರೆ ವಿಗ್ ಇಟ್ಟ ಹಾಗೆ ಇರುತ್ತದೆ. ಮುಖಕ್ಕೆ ಅಡ್ಡ ಬರುವುದನ್ನು, ದಾರಿ ತಪ್ಪಿ ಒಂಟಿಯಾಗಿ ನಿಂತದ್ದನ್ನು ತೆಗೆದು ಉಳಿದದ್ದನ್ನು ಬಿಟ್ಟೆ.

ಗಿಂಪ್ ಎಲ್ಲಿ ನಿಲ್ಲುತ್ತದೆ

ಗಿಂಪ್‌ನ ಹೀಲ್ ಟೂಲ್ ಕೆಲಸ ಮಾಡುವ ರೀತಿ ಫೋಟೋಶಾಪ್‌ನ ಹೀಲಿಂಗ್ ಬ್ರಶ್‌ನದ್ದೇ. H ಒತ್ತಿದರೆ ಟೂಲ್ ಬರುತ್ತದೆ, ಮೂಲ ತೋರಿಸಲು ಆಲ್ಟ್ ಬದಲು ಕಂಟ್ರೋಲ್ ಹಿಡಿಯಬೇಕು. ಖಾಲಿ ಲೇಯರ್ ಮೇಲೆ ಮಾಡುವ ಬದಲು ಫೋಟೋದ ಲೇಯರ್ ಅನ್ನೇ ನಕಲು ಮಾಡಿಕೊಂಡು ಅದರ ಮೇಲೆ ಮಾಡಿ, ಏಕೆಂದರೆ ಸುತ್ತಲಿನ ಬಣ್ಣಕ್ಕೆ ಹೊಂದಿಸಲು ಅದಕ್ಕೆ ಅದೇ ಲೇಯರ್‌ನಲ್ಲಿ ಚರ್ಮ ಬೇಕು. ಎಳೆಯಬೇಡಿ, ಒಂದೊಂದಾಗಿ ಒತ್ತಿ. ಎಳೆದಾಗ ಮೈ ಮಸುಕಾಗುವುದು ನನಗೆ ಸ್ಪಷ್ಟವಾಗಿ ಕಂಡಿತು.

ಹಣೆಯ ಮೊಡವೆ, ದವಡೆಯ ಮೊದಲೆರಡು ಮೊಡವೆಗಳಲ್ಲಿ ಫೋಟೋಶಾಪ್‌ಗೂ ಇದಕ್ಕೂ ವ್ಯತ್ಯಾಸ ಹುಡುಕಿದರೂ ಸಿಗಲಿಲ್ಲ. ನೆರಳಿನ ಅಂಚಿನ ಮೂರನೆಯದರಲ್ಲಿ ಅದೇ ಮಸಿ ಬಂತು, ಅದನ್ನು ಗಿಂಪ್‌ನ ಕ್ಲೋನ್‌ನಿಂದಲೇ ತೆಗೆದೆ. ಕಲೆಗೂ ಕೂದಲಿನ ನೆರಳಿಗೂ ಕ್ಲೋನ್ ಟೂಲ್‌ನ Mode ಪಟ್ಟಿಯಲ್ಲಿ Lighten only ಇದೆ, ಪರದೆಯ ಕೂದಲಿಗೆ Darken only. ಎರಡೂ ನಂಬಿಕಸ್ಥ.

ಇಲ್ಲದಿರುವುದು ಸ್ಪಾಟ್ ಹೀಲಿಂಗ್. Resynthesizer ಅನ್ನುವ ಪ್ಲಗ್‌ಇನ್ ಹಾಕಿಕೊಂಡರೆ Heal selection ಅಂತ ಬರುತ್ತದೆ, ಆದರೆ ಪ್ರತಿ ಮೊಡವೆಗೂ ಸೆಲೆಕ್ಷನ್ ಹಾಕಿ ಮೆನುಗೆ ಹೋಗಿ ಬರಬೇಕು. ಒಂದು ಫೋಟೋಗೆ ಪರವಾಗಿಲ್ಲ. ಒಂದು ಮದುವೆಯ ಆಲ್ಬಂಗೆ ಕೂತರೆ ರಾತ್ರಿ ಕಳೆಯುತ್ತದೆ.

ಕೊನೆಗೆ ಅವಳ ಫೋಟೋಗೆ ಉಳಿಸಿಕೊಂಡದ್ದು ಹೀಗೆ: ಹಣೆ ಮತ್ತು ಪರದೆಗೆ ಸ್ಪಾಟ್ ಹೀಲಿಂಗ್, ದವಡೆಗೆ ಹೀಲಿಂಗ್ ಬ್ರಶ್, ಹುಬ್ಬಿನ ಸುತ್ತಮುತ್ತಲಿಗೆ ಕ್ಲೋನ್. ಮುಗಿದ ಮೇಲೆ ಎಲ್ಲದರ ಮೇಲೆ ಒಂದು ಕರ್ವ್ಸ್ ಲೇಯರ್ ಹಾಕಿ, ಕಡಿದಾದ ಎಸ್ ಆಕಾರಕ್ಕೆ ಎಳೆದು ನೋಡಿ. ಕಾಂಟ್ರಾಸ್ಟ್ ವಿಪರೀತ ಆದಾಗ ಮಸುಕಾದ ಬಳೆ, ಬೋಳು ಜಾಗ, ಒಂದೇ ರಂಧ್ರದ ನಕಲು ಎಲ್ಲವೂ ಎದ್ದು ಕಾಣುತ್ತವೆ. ನನಗೆ ದವಡೆಯ ಎರಡನೇ ಮೊಡವೆಯ ಜಾಗ ಒಂಚೂರು ನುಣ್ಣಗೆ ಕಂಡಿತು. ಅದನ್ನು ಅಳಿಸಿ, ಇನ್ನೂ ಕಿವಿ ಕಡೆಯಿಂದ ಮೂಲ ತೋರಿಸಿ ಮತ್ತೆ ಮಾಡಿದೆ. ಆಮೇಲೆ ಕರ್ವ್ಸ್ ಲೇಯರ್ ಡಿಲೀಟ್ ಮಾಡಿ, 12×36 ಇಂಚಿನ ಆಲ್ಬಂ ಹಾಳೆಗೆ ಕಳಿಸಿದೆ.